ಸಾಕುನಾಯಿಗೆ ಅನುಮತಿ ಕೋರಿ ಪತ್ರ

ದಿನಾಂಕ: 3 ಮಾರ್ಚ್ 2025

ಇಂದ,
ಸವಿತಾ ಎಂ.
ಬಾಡಿಗೆದಾರರು, ಫ್ಲಾಟ್ 304, ಬಿ ಬ್ಲಾಕ್

ಇವರಿಗೆ,
ಅಧ್ಯಕ್ಷರು ಮತ್ತು ಸಮಿತಿ ಸದಸ್ಯರು
ಅಪಾರ್ಟ್‌ಮೆಂಟ್ ಮಾಲೀಕರ ಸಂಘ, ವಿಜಯನಗರ, ಬೆಂಗಳೂರು

ವಿಷಯ: ಫ್ಲಾಟ್ 304ರಲ್ಲಿ ನಾಯಿ ಸಾಕಲು ಅನುಮತಿ ಕೋರಿ.

ಮಾನ್ಯರೇ,

ಎರಡು ವರ್ಷದಿಂದ 304ರಲ್ಲಿ ಬಾಡಿಗೆಗೆ ಇದ್ದೇನೆ. ಅರಕಲಗೂಡಿನಲ್ಲಿ ಒಬ್ಬರೇ ಇರುವ ನನ್ನ ತಾಯಿ ಇದೇ 22ರ ಶನಿವಾರ ಇಲ್ಲಿಗೇ ಬಂದುಬಿಡುತ್ತಿದ್ದಾರೆ. ಅವರ ನಾಯಿ ಕರಿಯನನ್ನೂ ಕರೆತರಬೇಕಿದೆ. ಅದಕ್ಕಾಗಿ ಈ ಪತ್ರ.

ಕರಿಯ ಏಳು ವರ್ಷದ ನಾಟಿ ನಾಯಿ, ತೂಕ 16 ಕೆಜಿ. ಸಂತಾನಹರಣ ಆಪರೇಷನ್ ಆಗಿದೆ. ಇದುವರೆಗೆ ಯಾರನ್ನೂ ಕಚ್ಚಿಲ್ಲ. ಅಲ್ಲೇ ಯಾರಿಗಾದರೂ ಕೊಟ್ಟು ಬರಬಹುದಲ್ಲ ಎಂದು ನಾನೂ ಮೊದಲು ಯೋಚಿಸಿದ್ದೆ. ಆದರೆ ಕಳೆದ ದೀಪಾವಳಿಗೆ ಅಮ್ಮ ಇಲ್ಲಿದ್ದ ನಾಲ್ಕು ದಿನವೂ ಅದು ಪಕ್ಕದ ಮನೆಯವರು ಹಾಕಿದ ಮುದ್ದೆಯನ್ನು ಮೂಸಿಯೂ ನೋಡದೆ ಗೇಟಿನ ಹತ್ತಿರವೇ ಕೂತಿತ್ತಂತೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೂ ಮನೆಯಲ್ಲಿ ಮಾತಿಗೆ ಇದ್ದದ್ದು ಅದೊಂದೇ.

ಒಂದು ವಿಷಯ ಮುಚ್ಚಿಡುವುದಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಕರಿಯ ಬೊಗಳುತ್ತಾನೆ. ಎರಡು ಸೀಟಿಯ ತನಕ ಜೋರು, ಮೂರನೆಯದಕ್ಕೆ ತಾನೇ ಸುಮ್ಮನಾಗುತ್ತಾನೆ. 303ರಲ್ಲಿ ಪುಟ್ಟ ಮಗುವಿದೆ, ಹಾಗಾಗಿ ಅಡುಗೆ ಹೊತ್ತಿಗೆ ಅವನನ್ನು ಹಿಂದಿನ ರೂಮಿನಲ್ಲಿ ಬಾಗಿಲು ಹಾಕಿ ಇರಿಸುತ್ತೇವೆ. ಆ ಮನೆಯವರ ಹತ್ತಿರ ಮೊದಲೇ ಮಾತಾಡಿದ್ದೇನೆ. "ನೋಡೋಣ" ಅಂದಿದ್ದಾರೆ. ಅದನ್ನು ಒಪ್ಪಿಗೆ ಎಂದು ನಾನು ಹೇಳಿಕೊಳ್ಳುವುದಿಲ್ಲ.

ಹಿಂದೆ ನಮ್ಮ ಬ್ಲಾಕಿನಲ್ಲಿದ್ದ ನಾಯಿಯೊಂದು ಪಾರ್ಕಿಂಗ್ ಕಂಬಗಳ ಬುಡ ಗಬ್ಬೆಬ್ಬಿಸಿದ್ದು ಎಲ್ಲರಿಗೂ ನೆನಪಿದೆ. ಬಕೆಟ್ ಹಿಡಿದು ಅದನ್ನು ತೊಳೆಯುತ್ತಿದ್ದ ವಾಚ್‌ಮನ್ ಮುಖ ನಾನೂ ನೋಡಿದ್ದೇನೆ. ಕರಿಯನನ್ನು ಬೆಳಿಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ನಾನೇ ಹಗ್ಗ ಹಿಡಿದು ಕಾಂಪೌಂಡಿನಿಂದ ಹೊರಗೆ ಕರೆದೊಯ್ಯುತ್ತೇನೆ. ಹೊರಗಾದರೂ ಕಕ್ಕಸನ್ನು ಕಾಗದದಲ್ಲಿ ಎತ್ತಿಯೇ ಬರುವುದು. ಅಕಸ್ಮಾತ್ ಒಳಗೆ ಗಲೀಜಾದರೆ ತೊಳೆಯುವ ಕೆಲಸ ನನ್ನದು, ವಾಚ್‌ಮನ್‌ನದಲ್ಲ. ಶಾಲೆ ಮಕ್ಕಳು ಇಳಿಯುವ ಹೊತ್ತಿನಲ್ಲಿ ಲಿಫ್ಟ್ ಬಳಸುವುದಿಲ್ಲ. ಮೂರನೇ ಮಹಡಿ ತಾನೇ, ಮೆಟ್ಟಿಲಿದೆ.

ಸಾಕುನಾಯಿಗಳನ್ನು ವಸತಿ ಸಂಘಗಳು ಪೂರ್ತಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಮುಂದಿಟ್ಟು ಜಗಳಕ್ಕೆ ನಿಲ್ಲಲು ಬಂದಿಲ್ಲ. ಅಮ್ಮ ಇಲ್ಲಿ ಎಲ್ಲರ ಜೊತೆ ಬಾಳಬೇಕಾದವರು, ಕೇಳಿಯೇ ಕರೆತರುವುದು ಸರಿ ಅನಿಸಿತು.

ಫ್ಲಾಟ್ ಮಾಲೀಕರ ಒಪ್ಪಿಗೆ ಪತ್ರ, ರೇಬಿಸ್ ಲಸಿಕೆ ಕಾರ್ಡಿನ ಪ್ರತಿ, ಕರಿಯನ ಫೋಟೋ ಜೊತೆಗಿಟ್ಟಿದ್ದೇನೆ. ಇಲ್ಲಿಗೆ ಬಂದ ಕೂಡಲೇ ಬಿಬಿಎಂಪಿ ಲೈಸೆನ್ಸ್ ಮಾಡಿಸಿ ಅದರ ಪ್ರತಿಯನ್ನೂ ಕೊಡುತ್ತೇನೆ. 9ರ ಭಾನುವಾರದ ಸಮಿತಿ ಸಭೆಯಲ್ಲಿ ಈ ವಿಷಯ ತೆಗೆದುಕೊಂಡರೆ ಉಪಕಾರ. ಕರೆದರೆ ನಾನೂ ಬರುತ್ತೇನೆ. ಪೂರ್ತಿ ಅನುಮತಿ ಕೊಡಲು ಹಿಂಜರಿಕೆಯಿದ್ದರೆ ಮೂರು ತಿಂಗಳ ಮಟ್ಟಿಗೆ ಕೊಟ್ಟು ನೋಡಿ. ಸಾಮಾನಿನ ಗಾಡಿ ಗೊತ್ತುಮಾಡಬೇಕಿರುವುದರಿಂದ 15ರೊಳಗೆ ಉತ್ತರ ಸಿಕ್ಕರೆ ಅನುಕೂಲ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸವಿತಾ ಎಂ.