ತಿದ್ದಿದ್ದೇನೆ ಅಕ್ಕಾರ, ಖಾರ ಬೀಜದಲ್ಲಿಲ್ಲ

ಕುಂದಗೋಳದ ಅಕ್ಕಾರ, ಖಾರ ಬೀಜದಲ್ಲಿಲ್ಲ ಎಂದು ನೀವು ಬರೆದು ತಿಳಿಸಿದ್ದೇ ಸರಿ. ಖಾರಪುಡಿಯ ಬಗ್ಗೆ ನಾನು ಬರೆದಿದ್ದನ್ನು ಇವತ್ತು ಬೆಳಿಗ್ಗೆ ತಿದ್ದಿದ್ದೇನೆ. ಸುಮ್ನೆ ಅಳಿಸಿ ಹೊಸದು ಹಾಕಿಲ್ಲ. ಹಳೆಯ ಸಾಲಿನ ಮೇಲೆ ಗೆರೆ ಎಳೆದು ಹಾಗೇ ಬಿಟ್ಟಿದ್ದೇನೆ. ಬರಹದ ತಲೆಯ ಮೇಲೆ, ಎಲ್ಲರಿಗೂ ಮೊದಲು ಕಾಣುವ ಹಾಗೆ, ಇದನ್ನು ಸೇರಿಸಿದ್ದೇನೆ:

"ತಿದ್ದುಪಡಿ: 'ಮೆಣಸಿನಕಾಯಿಯ ಖಾರವೆಲ್ಲ ಬೀಜದಲ್ಲಿರುತ್ತದೆ, ಬೀಜ ಕೊಡವಿದರೆ ಪುಡಿ ಸಪ್ಪಗಾಗುತ್ತದೆ' ಎಂದು ಬರೆದಿದ್ದೆ. ಅದು ತಪ್ಪು. ಖಾರ ಹುಟ್ಟುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಎಳೆಯಲ್ಲಿ. ಬೀಜಕ್ಕೆ ಅದು ತಾಗಿ ಹತ್ತುತ್ತದೆ, ಅಷ್ಟೇ. ಮೆಣಸಿನಕಾಯಿ ಬೆಳೆಯುವ ಕುಂದಗೋಳದ ಅಕ್ಕ ಒಬ್ಬರು ಇದನ್ನು ತೋರಿಸಿಕೊಟ್ಟರು. ಅವರಿಗೆ ಧನ್ಯವಾದ."

ನಿಮ್ಮ ಹೆಸರು ಹಾಕಲೋ ಬೇಡವೋ ಗೊತ್ತಾಗಲಿಲ್ಲ. ಬೇಕಿದ್ದರೆ ಹೇಳಿ, ಹಾಕುತ್ತೇನೆ.

ನಿಜ ಹೇಳಬೇಕೆಂದರೆ, ನಿಮ್ಮ ಮಾತನ್ನು ಮೊದಲು ಓದಿದಾಗ ಸ್ವಲ್ಪ ಸಿಟ್ಟೇ ಬಂದಿತ್ತು. ನಮ್ಮವ್ವ ನಲವತ್ತು ವರ್ಷದಿಂದ ಬೀಜ ಕೊಡವಿಯೇ ಗಿರಣಿಗೆ ಕಳಿಸುತ್ತಾಳೆ. ಅವಳಿಗೆ ಗೊತ್ತಿಲ್ಲದ್ದು ಏನಿದೆ ಅಂತ. ನೀವು "ವಾದ ಯಾಕೆ, ಒಂದು ಕಾಯಿ ಸೀಳಿ ನೋಡ್ರಿ" ಅಂದಿರಲ್ಲ, ನೋಡೇ ಬಿಡೋಣ ಎಂದು ಕುಳಿತೆ. ಬ್ಯಾಡಗಿಯಲ್ಲಿ ಖಾರ ಕಮ್ಮಿ, ಗೊತ್ತಾಗಲಿಕ್ಕಿಲ್ಲ ಎಂದು ಗುಂಟೂರನ್ನೇ ತೆಗೆದುಕೊಂಡೆ. ತುದಿಯಲ್ಲಿ ಉದುರಿ ಬಿದ್ದಿದ್ದ ಎರಡು ಬೀಜ ಅಗಿದೆ. ಅಂಥಾದ್ದೇನೂ ಇಲ್ಲ. ಆಮೇಲೆ ತೊಟ್ಟಿನ ಹತ್ತಿರ ಒಣಗಿ ಹಾಳೆಯಂತಾಗಿದ್ದ ಎಳೆಯನ್ನು ನಾಲಗೆಗೆ ಇಟ್ಟೆ. ಕಣ್ಣು, ಮೂಗು, ಕಿವಿ ಎಲ್ಲ ಒಮ್ಮೆಗೇ ತೆರೆದವು. ಒಂದು ತಂಬಿಗೆ ನೀರು ಕುಡಿದರೂ ಇಳಿಯಲಿಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲವಲ್ಲ, ಎಣ್ಣೆ, ಕೊಬ್ಬಿನಲ್ಲಿ ಕರಗುತ್ತದೆ. ಕೊನೆಗೆ ಅವ್ವ ನಗುತ್ತಾ ಒಂದು ಬಟ್ಟಲು ಗಟ್ಟಿ ಮೊಸರು ತಂದುಕೊಟ್ಟಳು.

ಹಾಗಂತ ಅವ್ವ ಬೀಜ ಕೊಡವುವುದು ದಂಡವಲ್ಲ. ಇದನ್ನೂ ನೀವೇ ಹೇಳಿದ್ದು. ಕೆಂಪು ಇರುವುದು ಸಿಪ್ಪೆಯಲ್ಲಿ. ಬೀಜ ಬಿಳಿಚು, ಅದು ಪುಡಿಯಲ್ಲಿ ಸೇರಿದಷ್ಟೂ ಬಣ್ಣ ಮಾಸುತ್ತದೆ. ಬ್ಯಾಡಗಿಯನ್ನು ನಾವು ಕೊಳ್ಳುವುದೇ ಬಣ್ಣಕ್ಕೆ, ಅಲ್ವಾ? ಅದಕ್ಕೇ ವಿಧಾನದ ಮೂರನೇ ಹಂತ ಹಾಗೇ ಇದೆ, ಕಾರಣ ಮಾತ್ರ ಬದಲಾಗಿದೆ. ಈಗ ಹೀಗಿದೆ: "ಪುಡಿ ಕೆಂಪಗೆ ಬರಬೇಕಾದರೆ ಬೀಜ ಕೊಡವಿ. ಖಾರ ಕಮ್ಮಿ ಬೇಕಾದರೆ ತೊಟ್ಟು ಮುರಿಯುವಾಗ ಅದರ ಕೆಳಗಿನ ಎಳೆಯನ್ನೂ ಕಿತ್ತು ಹಾಕಿ."

ಇನ್ನೊಂದು ಸಣ್ಣ ತಪ್ಪು. "ಬ್ಯಾಡಗಿ ಮೆಣಸಿನಕಾಯಿ ಬ್ಯಾಡಗಿ ತಾಲ್ಲೂಕಿನಲ್ಲೇ ಬೆಳೆಯುತ್ತದೆ" ಎಂದು ಬರೆದಿದ್ದೆ. ಹೆಸರು ಆ ಊರಿನದು, ದೊಡ್ಡ ಮಾರುಕಟ್ಟೆಯೂ ಅಲ್ಲೇ. ಆದರೆ ಬೆಳೆ ಧಾರವಾಡ, ಗದಗ, ಹಾವೇರಿ ಕಡೆಯ ಎಷ್ಟೋ ಹೊಲಗಳಿಂದ ಬರುತ್ತದೆ, ನಿಮ್ಮ ಹೊಲವೂ ಸೇರಿ. ತಿದ್ದಿದ್ದೇನೆ. ಹುಬ್ಬಳ್ಳಿಯವನಾಗಿ ಇದನ್ನು ತಪ್ಪು ಬರೆದದ್ದಕ್ಕೇ ಜಾಸ್ತಿ ನಾಚಿಕೆಯಾಯಿತು.

ಎಣ್ಣೆ ಸವರುವ ವಿಷಯದಲ್ಲಿ ಮಾತ್ರ ನಾನು ಒಪ್ಪಿಲ್ಲ, ಸಿಟ್ಟಾಗಬೇಡಿ. ಎಣ್ಣೆ ಹಚ್ಚಿದ ಪುಡಿ ವರ್ಷಗಟ್ಟಲೆ ಇಟ್ಟರೆ ಕಮಟು ವಾಸನೆ ಬರುತ್ತದೆ ಎನ್ನುವುದು ನಿಜ. ಆದರೆ ನಮ್ಮ ಮನೆಯಲ್ಲಿ ಎರಡು ತಿಂಗಳಿಗೊಮ್ಮೆ ಬೀಸಿಸುತ್ತೇವೆ. ಗಿರಣಿಯಲ್ಲಿ ಘಾಟು ಹಾರದಿರಲಿ ಎಂದು ಅಂಗೈಯಷ್ಟು ಎಣ್ಣೆ ಸವರುತ್ತೇವೆ. ಆ ಸಾಲು ಉಳಿಸಿಕೊಂಡು, ಪಕ್ಕದಲ್ಲೇ "ವರ್ಷಕ್ಕೆ ಇಡುವವರು ಎಣ್ಣೆ ಹಚ್ಚಬೇಡಿ" ಎಂಬ ನಿಮ್ಮ ಮಾತನ್ನೂ ಸೇರಿಸಿದ್ದೇನೆ.

ಮೆಲ್ಲಗೆ ತಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಗೆಳೆಯನೊಬ್ಬ ಅಂದ. ಆದರೆ ಹಳೆಯ ಸಾಲು ಓದಿ ಬೀಜ ಕೊಡವಿ, "ಮಕ್ಕಳಿಗೆ ಖಾರ ಆಗಲ್ಲ" ಎಂದು ಪುಡಿ ಮಾಡಿಸಿಕೊಂಡವರು ಇಬ್ಬರು ನನಗೆ ಬರೆದಿದ್ದಾರೆ. ಅವರಿಗೂ ಬೇರೆಯಾಗಿ ಹೇಳಿದ್ದೇನೆ. ಇನ್ನೂ ಯಾರಾದರೂ ಹಾಗೆ ಮಾಡಿದ್ದರೆ, ಮಕ್ಕಳಿಗೆ ಬಡಿಸುವ ಮೊದಲು ಒಂದು ಚಿಟಿಕೆ ರುಚಿ ನೋಡಿಕೊಳ್ಳಿ.

ಎರಡನೇ ಫೋಟೋದ ಕೆಳಗೆ "ಖಾರದ ಬೀಜಗಳು" ಎಂದು ಇನ್ನೂ ಇದೆ. ಅಕ್ಷರ ಫೋಟೋದಲ್ಲೇ ಕೂತಿರುವುದರಿಂದ ತೆಗೆಯಲು ಬರುತ್ತಿಲ್ಲ. ಭಾನುವಾರ ಹೊಸ ಕಾಯಿ ಸೀಳಿ, ಎಳೆ ಕಾಣುವ ಹಾಗೆ ಬೇರೆ ಫೋಟೋ ಹಾಕುತ್ತೇನೆ. ಈ ಸಲ ನಾಲಗೆಗೆ ಇಡುವುದಿಲ್ಲ.