ಪುಂಡಿಪಲ್ಲೆಗೆ ಇಲ್ಲಿ ಏನು ಹಾಕಲಿ, ಅವ್ವಾ?

ಲೈಪ್‌ಜಿಗ್, ನವೆಂಬರ್ 16

ಅವ್ವಾ,

ಹೇಗಿದ್ದೀ? ಅಪ್ಪನ ಮೊಣಕಾಲು ನೋವು ಕಡಿಮೆ ಆಯ್ತಾ? ನಾನು ಆರಾಮ್ ಇದ್ದೇನೆ.

ದಿನಾ ಫೋನಿನಲ್ಲಿ ಮಾತಾಡಿದರೂ ಇದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಿದರೆ ನೀನು "ಒಂದಿಷ್ಟು ಹಾಕು, ಹದ ನೋಡಿ ಇಳಿಸು" ಅಂತೀ. ಇಲ್ಲಿನ ಸೊಪ್ಪಿನ ಹದ ನನಗೆ ಇನ್ನೂ ಗೊತ್ತಿಲ್ಲ. ಇದರ ಫೋಟೋ ತಮ್ಮನ ಫೋನಿಗೆ ಕಳಿಸುತ್ತೇನೆ. ನೀನು ಕುಳಿತು ಓದಿ, ಉತ್ತರ ಬರೆದಿಡು. ಪಕ್ಕದ ಮನೆ ಅಣ್ಣ ಡಿಸೆಂಬರ್ ಮೊದಲ ವಾರ ವಾಪಸ್ ಬರ್ತಾನಲ್ಲ, ಅವನ ಕೈಯಲ್ಲಿ ಕೊಡು. ಅಡುಗೆ ಮನೆ ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಮೊದಲು ಪುಂಡಿಪಲ್ಲೆ. ಪಾಲಕ್‌ಗೆ ನಿಂಬೆಹುಳಿ ಹಿಂಡಿ ಮಾಡಿ ನೋಡಿದೆ. ಬಣ್ಣ ಬಂತು, ರುಚಿ ಬರಲಿಲ್ಲ. ಹುಳಿ ಮೇಲೆ ಮೇಲೆ ನಿಂತಿತ್ತು, ಸೊಪ್ಪಿನ ಒಳಗೆ ಇರಲಿಲ್ಲ. ಹುಣಸೆಹಣ್ಣು ಹಾಕಿದರೆ ಸಾರಿನ ವಾಸನೆ ಬಂತು. ಆಮೇಲೆ ಸೆಪ್ಟೆಂಬರ್‌ನಲ್ಲಿ ಸಂತೆಯಲ್ಲಿ ಒಬ್ಬ ಅಜ್ಜಿ ಹತ್ತಿರ ಒಂದು ಸೊಪ್ಪು ಕಂಡೆ. ಇಲ್ಲಿ ಅದಕ್ಕೆ ಜೌವರಾಂಪ್ಫರ್ ಅಂತಾರೆ. ಎಲೆ ಉದ್ದ, ಈಟಿಯ ತುದಿಯ ಹಾಗೆ. ದಂಟು ಸೇರುವಲ್ಲಿ ಎರಡು ಕಡೆ ಕಿವಿ ಇರುತ್ತವೆ. ಅಲ್ಲೇ ನಿಂತು ಒಂದು ಎಲೆ ಬಾಯಿಗೆ ಹಾಕಿಕೊಂಡೆ. ಅವ್ವಾ, ನಾಲಿಗೆಯ ಎರಡೂ ಬದಿಗೆ ಜುಮ್ ಅಂತು. ನಮ್ಮ ಪುಂಡಿಯದೇ ಹುಳಿ! ಕಣ್ಣಿ ಮಾರ್ಕೆಟ್‌ನಲ್ಲಿ ನೀನು ಸಿವುಡು ಬಿಚ್ಚಿ ಒಂದು ಎಲೆ ಕಚ್ಚಿ ನೋಡಿ ಕೊಳ್ಳುತ್ತಿದ್ದದ್ದು ನೆನಪಾಯ್ತು.

ಇದ್ದಷ್ಟೂ ಕಟ್ಟು ತಂದು ನಿನ್ನ ಹಾಗೇ ಮಾಡಿದೆ. ತೊಗರಿಬೇಳೆ, ನುಚ್ಚು, ಹಸಿಮೆಣಸಿನಕಾಯಿ, ಒಂದು ಹಿಡಿ ಶೇಂಗಾ, ಮೇಲೆ ಬಳ್ಳೊಳ್ಳಿ ಒಗ್ಗರಣೆ. ಜೋಳದ ನುಚ್ಚು ಇಲ್ಲ ಅಂತ ಗೋಧಿ ನುಚ್ಚು ಹಾಕಿದೆ. ಆದರೆ ಪುಂಡಿಯ ಹಾಗೆ ಬೇಳೆ ಜೊತೆ ಕುಕ್ಕರಿಗೆ ಇಟ್ಟದ್ದು ತಪ್ಪಾಯ್ತು ಅನ್ನಿಸುತ್ತೆ. ಈ ಎಲೆ ಬಿಸಿ ತಗುಲಿದರೆ ಸಾಕು, ಹಸಿರು ಹೋಗಿ ಕಂದಾಗಿ ಕರಗಿಬಿಡುತ್ತದೆ. ಬುಟ್ಟಿ ತುಂಬ ಇದ್ದದ್ದು ಒಂದು ಸೌಟು ಆಯ್ತು. ಬೇಳೆ, ನುಚ್ಚು ಬೇಯಿಸಿ, ಕೊನೆಗೆ ಸೊಪ್ಪು ಹಾಕಿ ಮಸೆದರೆ ಸರಿ ಆಗುತ್ತಾ? ಮೈಗೆ ಅರ್ಧ ಪಾಲಕ್, ಹುಳಿಗೆ ಅರ್ಧ ಈ ಸೊಪ್ಪು ಸೇರಿಸಲಾ? ಈಗ ಚಳಿಗೆ ಸಂತೆಯಲ್ಲಿ ಅದು ಇಲ್ಲ. ಆಗ ಫ್ರೀಜರಿನಲ್ಲಿ ಇಟ್ಟ ಒಂದೇ ಪೊಟ್ಟಣ ಉಳಿದಿದೆ. ಅದನ್ನು ಕೆಡಿಸೋ ಮನಸ್ಸಿಲ್ಲ.

ಇನ್ನೊಂದು ಹುಳಿ ಇದೆ, ರಬಾರ್ಬರ್. ಏಪ್ರಿಲ್‌ನಿಂದ ಜೂನ್‌ವರೆಗೆ ಸಿಗುತ್ತೆ. ಕೆಂಪು ದಂಟು, ಇವರು ಅದರಲ್ಲಿ ಕೇಕ್ ಮಾಡ್ತಾರೆ. ಎಲೆ ವಿಷ, ದಂಟು ಮಾತ್ರ ತಿನ್ನಬೇಕು. ಹೆದರಬೇಡ, ಎಲೆ ಕತ್ತರಿಸಿ ಎಸೆದೇ ಮಾರ್ತಾರೆ. ದಂಟು ಬೆಂದರೆ ಮೆತ್ತಗಾಗುತ್ತದೆ. ಬೇಳೆಗೆ ಮಾವಿನಕಾಯಿ ಹಾಕ್ತೀಯಲ್ಲ, ಅದರ ಬದಲು ಇದು ನಡೆಯುತ್ತಾ?

ಹಕ್ಕರಕಿ ವಿಷಯ ಕೇಳಿದರೆ ನಿನಗೆ ಖುಷಿ ಆಗುತ್ತೆ. ಇಲ್ಲಿ ಹುಲ್ಲಿನ ಮಧ್ಯೆ ಹಳದಿ ಹೂವಿನ ಗಿಡ ಬೆಳೆಯುತ್ತದೆ. ಅದರ ಹೆಸರಿಗೆ ಸಿಂಹದ ಹಲ್ಲು ಅಂತ ಅರ್ಥ. ಎಲೆಯ ಅಂಚು ಹಲ್ಲು ಹಲ್ಲು, ನೆಲಕ್ಕೆ ಒತ್ತಿ ಹರಡಿರುತ್ತದೆ, ಮುರಿದರೆ ಬಿಳಿ ಹಾಲು. ಇವರೂ ಎಳೆ ಎಲೆ ಹಸಿ ತಿಂತಾರೆ. ವಸಂತದಲ್ಲಿ ಎಳೆಯದು ತಂದು, ಉಳ್ಳಾಗಡ್ಡಿ ಹೆಚ್ಚಿ, ಶೇಂಗಾ ಹಿಂಡಿ, ಎಣ್ಣೆ ಹಾಕಿ ರೊಟ್ಟಿಗೆ ಹಚ್ಚಿಕೊಂಡೆ. ನಮ್ಮದಕ್ಕಿಂತ ಕಹಿ ಜಾಸ್ತಿ, ಆದರೂ ಒಂದು ರೊಟ್ಟಿ ಹೆಚ್ಚೇ ತಿಂದೆ. ಕಹಿ ತೆಗೆಯೋಕೆ ಉಪ್ಪು ನೀರಿನಲ್ಲಿ ನೆನೆಹಾಕಲಾ, ಅಥವಾ ಮೊಸರು ಸಾಕಾ?

ಎಣಗಾಯಿಯದು ದೊಡ್ಡ ಕಷ್ಟ. ಇಲ್ಲಿನ ಬದನೆಕಾಯಿ ಒಂದೊಂದೂ ನನ್ನ ಮೊಣಕೈಯಷ್ಟು ಉದ್ದ. ನಾಲ್ಕು ಸೀಳು ಹಾಕಿ ಶೇಂಗಾ, ಎಳ್ಳು, ಗುರೆಳ್ಳು ತುಂಬಿದರೆ ಕಾಯಿ ಬಾಯಿ ಬಿಟ್ಟು ಎಲ್ಲಾ ಎಣ್ಣೆಗೆ ಬೀಳುತ್ತೆ. ಬೇಸಿಗೆಯಲ್ಲಿ ಅರಬರ ಅಂಗಡಿಗೆ ಸಣ್ಣ ಬದನೆ ಬರುತ್ತದೆ, ಈಗ ಇಲ್ಲ. ಆಯಿ ಇದ್ದಾಗ ಸಣ್ಣ ಉಳ್ಳಾಗಡ್ಡಿಗೆ ಇದೇ ಮಸಾಲಿ ತುಂಬಿ ಮಾಡ್ತಿದ್ದರಲ್ಲ? ಇಲ್ಲಿ ಸಣ್ಣ ಉಳ್ಳಾಗಡ್ಡಿ ವರ್ಷವಿಡೀ ಸಿಗುತ್ತೆ. ಅದನ್ನು ಮೊದಲು ಕುದಿಸಬೇಕಾ, ಹಸಿಯದನ್ನೇ ಸೀಳಬೇಕಾ? ಬೆಲ್ಲ ಹಾಕಿದ್ದರೋ ಇಲ್ಲವೋ, ನನಗೆ ನೆನಪಿಲ್ಲ.

ಹೀರೇಕಾಯಿಗೆ ಝುಕಿನಿ ಹಾಕುತ್ತಿದ್ದೇನೆ. ನೀರು ಜಾಸ್ತಿ ಬಿಡುತ್ತೆ, ಅದಕ್ಕೆ ಕಡ್ಲಿಹಿಟ್ಟು ಉದುರಿಸುತ್ತೇನೆ. ಚವಳಿಕಾಯಿಗೆ ಸಣ್ಣ ಬೀನ್ಸ್, ಅದರಲ್ಲಿ ಆ ಒಗರು ಇಲ್ಲವೇ ಇಲ್ಲ. ಸಬ್ಬಸಗಿ ಮಾತ್ರ ಎಲ್ಲಾ ಅಂಗಡಿಯಲ್ಲೂ ಇದೆ, ಇವರು ಸೌತೆಕಾಯಿಗೂ ಮೀನಿಗೂ ಹಾಕ್ತಾರೆ. ಟರ್ಕಿಯವರ ಅಂಗಡಿಯಲ್ಲಿ ನಮ್ಮ ಗೋಳಿ ಸೊಪ್ಪು ಕೂಡ ಬೇಸಿಗೆಗೆ ಬರುತ್ತೆ, ದೊಡ್ಡ ಎಲೆಯದು. ಮೆಂತ್ಯ ಕುಂಡದಲ್ಲಿ ಹಾಕಿದ್ದೇನೆ. ಸಂಜೆ ನಾಲ್ಕೂವರೆಗೆಲ್ಲಾ ಕತ್ತಲು, ಬಿಸಿಲಿಲ್ಲದೆ ದಾರದ ಹಾಗೆ ಉದ್ದ ಬೆಳೆದು ಬಗ್ಗಿಬಿಟ್ಟಿದೆ.

ಈಗ ನಿಜವಾಗಿ ಕೇಳಬೇಕಾದ್ದು. ಎಳ್ಳಮವಾಸ್ಯೆ ಬರ್ತಾ ಇದೆ. ನಾನು ಇಲ್ಲಿ ಸೊಪ್ಪು, ತರಕಾರಿ, ಕಾಳು ಎಲ್ಲಾ ಕೂಡಿಸಿ ಕುದಿಸೋ ನಮ್ಮ ಭಜ್ಜಿ ಮಾಡಬೇಕು ಅಂದುಕೊಂಡಿದ್ದೇನೆ. ಬೀದರಿನ ಹುಡುಗಿ ಒಬ್ಬಳು, ಯಾದಗಿರಿಯ ಇಬ್ಬರು, ಜೊತೆಗೆ ನನ್ನ ರೂಮಿನವಳು, ಒಟ್ಟು ಐದು ಜನ. ಹೋದ ವರ್ಷ ಆ ದಿನ ನೀವೆಲ್ಲ ಆಳಂದದ ಹೊಲದಲ್ಲಿ ಕುಳಿತು ಉಣ್ಣೋದನ್ನು ತಮ್ಮ ವಿಡಿಯೋದಲ್ಲಿ ತೋರಿಸಿದಾಗ ನನಗೆ ತುಂಬಾ ಸಂಕಟ ಆಗಿತ್ತು. ಈ ಸಲ ಮಾಡೇ ಮಾಡುತ್ತೇನೆ.

ಪಾಲಕ್, ಗಜ್ಜರಿ, ಬದನೆಕಾಯಿ, ಉಳ್ಳಾಗಡ್ಡಿ ತಪ್ಪಲು ಸಿಗುತ್ತವೆ. ಹಸಿ ತೊಗರಿ, ಹಸಿ ಕಡ್ಲಿ, ಅವರಿಕಾಳು ಸಿಗೋದಿಲ್ಲ. ಫ್ರೀಜರಿನ ಬಟಾಣಿ ಇದೆ, ಹಸಿರು ಸೋಯಾಕಾಳು ಇದೆ, ಅರಬರ ಅಂಗಡಿಯಲ್ಲಿ ದೊಡ್ಡ ಹಸಿರು ಕಾಳು ಇದೆ, ಅವರಿಯ ಹಾಗೆ ಸಿಪ್ಪೆ ಸುಲಿಯಬೇಕು. ತೊಗರಿಗೆ ಸೋಯಾಕಾಳು, ಅವರಿಗೆ ಆ ದೊಡ್ಡ ಕಾಳು, ಕಡ್ಲಿಯನ್ನು ರಾತ್ರಿ ನೆನೆಸಿಟ್ಟು ಹಾಕಿದರೆ ನಿನಗೆ ಒಪ್ಪಿಗೆನಾ? ಇಲ್ಲಿ ಚಳಿಗೆ ಒಂದು ಎಲೆಕೋಸಿನ ಜಾತಿ ಸೊಪ್ಪು ರಾಶಿ ಬೀಳುತ್ತದೆ, ಗ್ರ್ಯೂನ್‌ಕೋಲ್ ಅಂತ. ಎಲೆ ದಪ್ಪ, ಅಂಚು ಸುರುಳಿ. ಭಜ್ಜಿಗೆ ಅದನ್ನು ಸೇರಿಸಿದರೆ ವಾಸನೆ ಹೊಡೆಯುತ್ತಾ? ಉಳಿದ ಆ ಒಂದು ಹುಳಿಸೊಪ್ಪಿನ ಪೊಟ್ಟಣ ಇದಕ್ಕೇ ಹಾಕಿಬಿಡಲಾ?

ಅಣ್ಣನ ಕೈಯಲ್ಲಿ ಪುಂಡಿ ಕಟ್ಟು ಕಳಿಸ್ತೀನಿ ಅಂದಿದ್ದೆಯಲ್ಲ, ಬೇಡ. ಹಸಿ ಸೊಪ್ಪು, ತರಕಾರಿಗೆ ಸರ್ಟಿಫಿಕೇಟ್ ಬೇಕು, ಇಲ್ಲದಿದ್ದರೆ ಏರ್‌ಪೋರ್ಟ್‌ನಲ್ಲಿ ತೆಗೆದು ಬಿಸಾಕ್ತಾರೆ. ಬೀಜಕ್ಕೂ ಹಾಗೇ. ತುಪ್ಪ, ಪೇಡಾ ಕೂಡ ಬಿಡೋದಿಲ್ಲ. ನಮ್ಮ ತೊಗರಿಬೇಳೆ ಎರಡು ಕಿಲೋ, ಗುರೆಳ್ಳು ಹಿಂಡಿ, ಸಜ್ಜಿ ಹಿಟ್ಟು ಇಷ್ಟೇ ಸಾಕು. ಹಿಟ್ಟು ಹೊಸದಾಗಿ ಬೀಸಿಸಿದ್ದೇ ಇರಲಿ, ಹಳೆಯದು ಕಹಿ ಆಗುತ್ತೆ.

ಐದು ಜನಕ್ಕೆ ಕಡ್ಲಿಹಿಟ್ಟು ಎಷ್ಟು, ಹುಣಸೆ ಎಷ್ಟು ಅಂತ ಲೋಟದ ಲೆಕ್ಕದಲ್ಲಿ ಬರೆ. ನೀನು ಅಳೆಯೋ ಸ್ಟೀಲ್ ಲೋಟದ್ದೇ ಇನ್ನೊಂದು ನನ್ನ ಹತ್ತಿರ ಇದೆ.

ನಿನ್ನ,
ಭಾಗ್ಯ