ಕ್ಲೌಡ್ ಸೇವಾ ಕರಾರು: 2ನೇ ಆವೃತ್ತಿಗೂ 3ನೇ ಆವೃತ್ತಿಗೂ ಇರುವ ವ್ಯತ್ಯಾಸ

ಖರೀದಿ ಮತ್ತು ಐಟಿ ವಿಭಾಗಗಳ ಗಮನಕ್ಕೆ,

ಈಗ ಜಾರಿಯಲ್ಲಿರುವುದು 2ನೇ ಆವೃತ್ತಿ, ಸಹಿಗೆ ಬಂದಿರುವುದು 3ನೇ ಆವೃತ್ತಿ. ಸೇವಾದಾರರು ಗುರುತು ಹಾಕಿ ಕಳಿಸಿದ ಪ್ರತಿಯಲ್ಲಿ ಐದು ಬದಲಾವಣೆಗಳು ಕಾಣುತ್ತವೆ. ಎರಡೂ ಕಡತಗಳನ್ನು ನಾವೇ ಹೋಲಿಸಿದಾಗ ಆರು ಸಿಕ್ಕವು. ಗುರುತಿಲ್ಲದ ಆ ಆರನೆಯದೇ ಎಲ್ಲಕ್ಕಿಂತ ಗಂಭೀರವಾದ್ದರಿಂದ ಅದನ್ನು ಮೊದಲು ಕೊಟ್ಟಿದೆ. ಇಲ್ಲಿ ಹೇಳದ ಕಲಂಗಳಲ್ಲಿ ಕ್ರಮಸಂಖ್ಯೆಯ ಹೊರತು ಏನೂ ಬದಲಾಗಿಲ್ಲ.

ಹೊಣೆಗಾರಿಕೆಯ ಮಿತಿ (ಹಳೆಯ 11.2, ಹೊಸ 12.2)
ಮಿತಿ ಮೊದಲಿನಂತೆ ಹಿಂದಿನ 12 ತಿಂಗಳ ಶುಲ್ಕವೇ. ಬದಲಾಗಿರುವುದು ವಿನಾಯಿತಿ.
ಹಳೆಯದು: "ಗೋಪ್ಯತೆಯ ಉಲ್ಲಂಘನೆಗೆ ಈ ಮಿತಿ ಅನ್ವಯಿಸುವುದಿಲ್ಲ."
ಹೊಸದು: "ಉದ್ದೇಶಪೂರ್ವಕ ಗೋಪ್ಯತೆಯ ಉಲ್ಲಂಘನೆಗೆ ಈ ಮಿತಿ ಅನ್ವಯಿಸುವುದಿಲ್ಲ."
ಸೇರಿರುವುದು ಒಂದೇ ಪದ. ಆದರೆ ದತ್ತಾಂಶ ಸೋರುವುದು ಬಹುಪಾಲು ಅಜಾಗ್ರತೆಯಿಂದ. ಬೇಕೆಂದೇ ಮಾಡಿದ್ದೆಂದು ಸಾಬೀತು ಮಾಡುವುದು ಬಲು ಕಷ್ಟ. ಹೊಸ ಮಾತಿನ ಪ್ರಕಾರ ಅಂಥ ನಷ್ಟಕ್ಕೂ ಒಂದು ವರ್ಷದ ಶುಲ್ಕಕ್ಕಿಂತ ಹೆಚ್ಚು ಸಿಗದು. ಆ ಪದವನ್ನು ತೆಗೆಸದೆ ಸಹಿ ಹಾಕಬಾರದೆಂಬುದು ನಮ್ಮ ಸಲಹೆ.

ಸೇವೆಯ ಲಭ್ಯತೆ (5.1 ಮತ್ತು 5.3)
ತಿಂಗಳಿಗೆ 99.9% ಇದ್ದದ್ದು 99.5% ಆಗಿದೆ. 30 ದಿನಗಳ ತಿಂಗಳಲ್ಲಿ ಸೇವೆ ನಿಲ್ಲಬಹುದಾದ ಅವಧಿ ಸುಮಾರು 43 ನಿಮಿಷದಿಂದ 3 ಗಂಟೆ 36 ನಿಮಿಷಕ್ಕೆ ಏರುತ್ತದೆ. ಇದರ ಜೊತೆಗೆ, 48 ಗಂಟೆ ಮೊದಲು ತಿಳಿಸಿ ಮಾಡುವ ನಿರ್ವಹಣೆಯನ್ನು ಇನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಎಷ್ಟು ಹೊತ್ತು ನಡೆಯಬಹುದೆಂಬ ಮಿತಿಯೂ ಇಲ್ಲ. ಪರಿಹಾರದ ಕೋಷ್ಟಕವಿರುವ ಅನುಬಂಧ ಬಿ ಬದಲಾಗದೆ ಅಲ್ಲಿ ಇನ್ನೂ 99.9% ಎಂದೇ ಇದೆ. ಅದನ್ನು ನಂಬಿ ಕೂರುವಂತಿಲ್ಲ: ವಿರೋಧ ಬಂದರೆ ಮುಖ್ಯ ಕರಾರೇ ಮೇಲು ಎಂದು ಕಲಂ 2.4 ಹೇಳುತ್ತದೆ.

ನವೀಕರಣ (ಹಳೆಯ 9.1, ಹೊಸ 10.1)
ಕರಾರು ತಾನಾಗಿ ಒಂದು ವರ್ಷ ಮುಂದುವರಿಯುವುದು ಹಳೆಯದೇ. ಬೇಡವೆಂದು ತಿಳಿಸಲು ಇದ್ದ 30 ದಿನಗಳ ಗಡುವು 90 ದಿನಗಳಾಗಿದೆ. ಅವಧಿ 2027ರ ಮಾರ್ಚ್ 31ಕ್ಕೆ ಮುಗಿಯುವುದರಿಂದ, ಕೊನೆಯ ದಿನ ಮಾರ್ಚ್ 1ರಿಂದ 2026ರ ಡಿಸೆಂಬರ್ 31ಕ್ಕೆ ಹಿಂದೆ ಬರುತ್ತದೆ.

ಉಪಗುತ್ತಿಗೆ (ಹೊಸ ಕಲಂ 8)
ಮೊದಲು 7.4ರ ಪ್ರಕಾರ ನಮ್ಮ ಲಿಖಿತ ಒಪ್ಪಿಗೆ ಬೇಕಿತ್ತು. ಈಗ 15 ದಿನಗಳ ಮುನ್ಸೂಚನೆ ಸಾಕು, ಆಕ್ಷೇಪಿಸಬಹುದು, ತಡೆಯಲಾಗದು.

ಪಾವತಿ (6.2)
30 ದಿನಗಳ ಎಣಿಕೆ ಇನ್‌ವಾಯ್ಸ್ ನಮಗೆ ತಲುಪಿದ ದಿನದ ಬದಲು ಅದರ ಮೇಲಿನ ದಿನಾಂಕದಿಂದ ಶುರುವಾಗುತ್ತದೆ. ತಡವಾದರೆ ಬೀಳುವ ಬಡ್ಡಿ ಮೊದಲಿನಷ್ಟೇ.

ಹೊಸ ಕಲಂ 8 ಸೇರಿದ್ದರಿಂದ ನಂತರದ ಸಂಖ್ಯೆಗಳೆಲ್ಲ ಒಂದೊಂದು ಮುಂದೆ ಹೋಗಿವೆ. ಆದರೂ 14.3ರಲ್ಲಿ "ಕಲಂ 9ರಂತೆ ಕರಾರು ಕೊನೆಗೊಂಡಾಗ" ಎಂದೇ ಉಳಿದಿದೆ. ಈಗ ಕಲಂ 9 ಬೌದ್ಧಿಕ ಆಸ್ತಿಯದು, ಮುಕ್ತಾಯ ಇರುವುದು 10ರಲ್ಲಿ. ದತ್ತಾಂಶ ಹಿಂದಿರುಗಿಸುವ ಹೊಣೆ 14.3ನ್ನೇ ಅವಲಂಬಿಸಿರುವುದರಿಂದ ಈ ಸಂಖ್ಯೆಯನ್ನೂ ತಿದ್ದಿಸಬೇಕು.